ಕೈಯಲ್ಲಿ ಬರೆದ ಬಿಆರ್‌ಎಸ್ ತಾಳೆ ಆಗ್ತಿಲ್ವಾ? ಕೂಡಿದ್ದು, ಕಳೆದಿದ್ದು ಹಿಂಗೆ ಚೆಕ್ ಮಾಡಿ

ಹಾಸನದ ಸಂತೇಪೇಟೆ ಕಡೆ ಒಂದು ಗೊಬ್ಬರದ ಅಂಗಡಿಗೆ ನಾನು ಲೆಕ್ಕ ಬರ್ಕೊಡ್ತೀನಿ, ತಿಂಗಳಿಗೆ ನಾಕೈದು ದಿನ ಹೋಗಿ ಕೂತ್ರೆ ಮುಗಿಯತ್ತೆ. ಅಲ್ಲಿ ಕಂಪ್ಯೂಟರ್ ಇದೆ, ಆದ್ರೆ ಅದರಲ್ಲಿ ಬಿಲ್ ಮಾತ್ರ ಹೊಡೀತಾರೆ. ಕ್ಯಾಶ್ ಬುಕ್ಕು ಇವತ್ತಿಗೂ ಕೆಂಪು ಬಟ್ಟೆ ಬೈಂಡಿನ ಪುಸ್ತಕವೇ, ಯಜಮಾನ್ರಿಗೆ ಅದನ್ನ ತೆಗೆದು ಬೆರಳಲ್ಲಿ ಮುಟ್ಟಿ ನೋಡಿದ್ರೇನೇ ಸಮಾಧಾನ. ಹೋದ ವರ್ಷ ಮಾರ್ಚ್ ಕ್ಲೋಸಿಂಗಿಗೆ ಕೈ ಸಾಲಲ್ಲ ಅಂತ ನಮ್ಮಕ್ಕನ ಮಗನ್ನ ಕರ್ಕೊಂಡು ಹೋಗಿದ್ದೆ, ಬಿಕಾಂ ಆಗಷ್ಟೇ ಮುಗಿಸಿದ್ದ, 31-3-2025ರ ಬಿಆರ್‌ಎಸ್, ಅಂದ್ರೆ ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟು, ನೀನೇ ಬರಿ ನೋಡೋಣ ಅಂತ ಒಂದು ಫುಲ್‌ಸ್ಕೇಪ್ ಹಾಳೆ ಕೊಟ್ಟೆ. ಅವನು ಬರ್ಕೊಂಡು ಬಂದ ಹಾಳೆ ಇದು, ಅಕ್ಷರ ಮಾತ್ರ ಮುತ್ತಿನಂಗೆ ಇತ್ತು:

ಕ್ಯಾಶ್ ಬುಕ್ ಪ್ರಕಾರ ಬ್ಯಾಲೆನ್ಸ್ (ಡೆಬಿಟ್): 1,84,350

ಕೂಡಿ:
ಕೊಟ್ಟ ಚೆಕ್, ಇನ್ನೂ ಪಾಸಾಗಿಲ್ಲ: 45,900
ಬ್ಯಾಂಕಿಗೆ ಹಾಕಿದ ಚೆಕ್, ಇನ್ನೂ ಜಮಾ ಆಗಿಲ್ಲ: 36,200
ಮೊತ್ತ: 2,66,450

ಕಳೆ:
ಬ್ಯಾಂಕ್ ಚಾರ್ಜ್: 590
ಪಾರ್ಟಿ ನೇರ ಹಾಕಿದ ನೆಫ್ಟ್: 12,750
ಗೋಡೌನ್ ಇನ್ಶೂರೆನ್ಸ್, ಬ್ಯಾಂಕೇ ಕಟ್ ಮಾಡಿದ್ದು: 9,860
ಉಳಿದಿದ್ದು: 2,43,250

ವ್ಯತ್ಯಾಸ (ಸಸ್ಪೆನ್ಸ್): 44,560
ಪಾಸ್ ಬುಕ್ ಪ್ರಕಾರ ಬ್ಯಾಲೆನ್ಸ್: 1,98,690

ಕೆಳಗಡೆ ಎರಡು ಗೆರೆ ಬೇರೆ ಎಳೆದಿದ್ದ. ಬಿಆರ್‌ಎಸ್ ಅನ್ನೋದೇ ವ್ಯತ್ಯಾಸ ಯಾಕೆ ಬಂತು ಅಂತ ಹೇಳೋ ಹಾಳೆ, ಅದರೊಳಗೇ ವ್ಯತ್ಯಾಸ ಅಂತ ಒಂದು ಸಾಲು ಹಾಕಿ ತಾಳೆ ಮಾಡಿದ್ರೆ ಹಾಳೆ ಬರೆದಿದ್ದು ಯಾಕೆ? ನಿಮ್ಮ ಕೈಗೆ ಬಂದ ಬಿಆರ್‌ಎಸ್‌ನಲ್ಲಿ ಸಸ್ಪೆನ್ಸ್, ಇತರೆ, ಹೊಂದಾಣಿಕೆ ಅಂತ ಏನೇ ಹೆಸರಲ್ಲಿ ಇಂಥ ಸಾಲು ಇದ್ರೂ ಮೊದಲು ಅದರ ಮೇಲೆ ಪೆನ್ಸಿಲಲ್ಲಿ ಗೆರೆ ಹೊಡೀರಿ, ಅದು ಇಲ್ಲ ಅಂತಾನೇ ಲೆಕ್ಕ ಶುರು ಮಾಡಿ.

ಮೊದಲು ಮೇಲಿನ ನಂಬರು, ಕೆಳಗಿನ ನಂಬರು

ತಾಳೆ ಆಗ್ಲಿಲ್ಲ ಅಂದ ತಕ್ಷಣ ಎಲ್ಲರೂ ನಡುವಿನ ಐಟಂಗಳಿಗೆ ಕೈ ಹಾಕ್ತಾರೆ, ನಾನೂ ಮೊದಮೊದಲು ಹಂಗೇ ಮಾಡ್ತಿದ್ದೆ. ಆದ್ರೆ ಶುರುವಿನ ನಂಬರೋ ಕೊನೇ ನಂಬರೋ ತಪ್ಪಾಗಿದ್ರೆ ನಡುವೆ ಎಷ್ಟು ಹುಡುಕಿದ್ರೂ ಸಿಗೋದು ಏನೂ ಇಲ್ಲ, ಇಲ್ಲದಿರೋ ತಪ್ಪನ್ನ ಹುಡುಕ್ತಾ ಮಧ್ಯಾಹ್ನದ ಊಟ ತಪ್ಪತ್ತೆ ಅಷ್ಟೇ.

ಶುರುವಿನ ನಂಬರಿಗೆ ಕ್ಯಾಶ್ ಬುಕ್ ತೆಗೀರಿ, ಬ್ಯಾಂಕ್ ಕಾಲಂನ ಕೊನೇ ಪುಟ ಇನ್ನೊಂದ್ಸಲ ಕೂಡಿ, ಆಮೇಲೆ ಹಿಂದಿನ ಎರಡು ಮೂರು ಪುಟಗಳಲ್ಲಿ "ಮುಂದಿನ ಪುಟಕ್ಕೆ" ಅಂತ ಬರೆದ ಮೊತ್ತವೂ ಮುಂದಿನ ಪುಟದ ತಲೆಯಲ್ಲಿ ಬಂದ ಮೊತ್ತವೂ ಒಂದೇನಾ ನೋಡಿ. ಕೈಬರಹದ ಪುಸ್ತಕದಲ್ಲಿ ಪುಟ ತಿರುಗಿಸೋ ಜಾಗದಲ್ಲೇ ನಂಬರು ಎಡವೋದು ಜಾಸ್ತಿ. ನಮ್ಮ ಪುಸ್ತಕದಲ್ಲಿ 1,84,350 ಸರಿಯಾಗೇ ಇತ್ತು, ಡೆಬಿಟ್ ಬ್ಯಾಲೆನ್ಸೇ, ಅಂದ್ರೆ ಬ್ಯಾಂಕಲ್ಲಿ ನಮ್ಮ ದುಡ್ಡಿದೆ ಅಂತ.

ಕೊನೇ ನಂಬರಿಗೆ ಪಾಸ್ ಬುಕ್ ತೆಗೀರಿ, ಹಾಳೆಯಲ್ಲಿ ಬರೆದಿರೋದನ್ನ ನಂಬಬೇಡಿ. ಇಲ್ಲಿ ಎರಡು ವಿಷಯ ನೋಡ್ಬೇಕು. ಒಂದು ತಾರೀಕು. ಪಾಸ್ ಬುಕ್ ಪ್ರಿಂಟ್ ಹಾಕ್ಸಿದ್ದು ಏಪ್ರಿಲ್ 5ಕ್ಕೆ ಆದ್ರೆ ಕೊನೇ ಸಾಲಿನ ಬ್ಯಾಲೆನ್ಸು ಏಪ್ರಿಲ್ 5ರದ್ದು, ನಮಗೆ ಬೇಕಾಗಿರೋದು ಮಾರ್ಚ್ 31ಕ್ಕೆ ಅಥವಾ ಅದಕ್ಕೂ ಮುಂಚೆ ನಡೆದ ಕೊನೇ ವ್ಯವಹಾರದ ಎದುರು ಇರೋ ಬ್ಯಾಲೆನ್ಸು, ಅದರ ಕೆಳಗೆ ಒಂದು ಗೆರೆ ಎಳ್ಕೊಂಡ್ಬಿಡಿ. ಎರಡನೇದು ಅಂಕಿ. ನಂಬರನ್ನ ಒಂದೇ ಗುಕ್ಕಿಗೆ ಓದ್ಬೇಡಿ, ಒಂದೊಂದೇ ಅಂಕಿ ಜೋರಾಗಿ ಓದಿ, ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರಿಂದ ಓದ್ಸಿ. ನಮ್ಮ ಹುಡುಗ ಓದ್ದ, ನಾನು ಹಾಳೆ ನೋಡ್ತಿದ್ದೆ. "ಒಂದು, ಒಂಬತ್ತು, ಆರು, ಎಂಟು, ಒಂಬತ್ತು, ಸೊನ್ನೆ" ಅಂದ. ಹಾಳೆಯಲ್ಲಿ ಒಂದು, ಒಂಬತ್ತು, ಎಂಟು, ಆರು. ಪಾಸ್ ಬುಕ್ಕಲ್ಲಿ ಇದ್ದಿದ್ದು 1,96,890, ಇವನು ಇಳಿಸ್ಕೊಂಡಿದ್ದು 1,98,690.

ಅಲ್ಲಿಗೆ 1,800 ರೂಪಾಯಿ ವ್ಯತ್ಯಾಸ ಬರೀ ನಕಲು ಮಾಡೋದ್ರಲ್ಲೇ ಬಂದಿತ್ತು. ಈಗ ನಿಜವಾದ ವ್ಯತ್ಯಾಸ ಎಷ್ಟು ಅಂತ ಬರ್ಕೊಳ್ಳಿ: 2,43,250ರಲ್ಲಿ 1,96,890 ಕಳೆದ್ರೆ 46,360. ನಾವು ಹುಡುಕ್ಬೇಕಾಗಿರೋದು ಇದನ್ನ, 44,560ನ್ನ ಅಲ್ಲ. ಮುಂಚೆಗಿಂತ ಜಾಸ್ತಿ ಆಯ್ತಲ್ಲ ಅಂತ ಹುಡುಗನ ಮುಖ ಸಪ್ಪಗಾಯ್ತು, ಆಗ್ಲಿ ಬಿಡು, ನಿಜವಾದ ನಂಬರು ಸಿಕ್ತಲ್ಲ ಅಂದೆ.

ಇದರ ಜೊತೆಗೇ ಹಾಳೆಯೊಳಗಿನ ಕೂಡೋದು ಕಳೆಯೋದನ್ನೂ ಒಂದ್ಸಲ ಮಾಡಿಬಿಡಿ. 45,900 ಪ್ಲಸ್ 36,200 ಅಂದ್ರೆ 82,100, ಅದಕ್ಕೆ 1,84,350 ಸೇರಿದ್ರೆ 2,66,450, ಸರಿ ಇದೆ. 590, 12,750, 9,860 ಕೂಡಿದ್ರೆ 23,200, ಕಳೆದ್ರೆ 2,43,250, ಅದೂ ಸರಿ. ಅಂದ್ರೆ ಅವನ ಲೆಕ್ಕ ತಪ್ಪಿಲ್ಲ, ತಪ್ಪು ಬೇರೆ ಎಲ್ಲೋ ಇದೆ.

ಕೂಡಿದ್ದು ಸರಿನಾ, ಕಳೆದಿದ್ದು ಸರಿನಾ

ಕಾಲೇಜಲ್ಲಿ ಇದಕ್ಕೆ ಟೇಬಲ್ ಬಾಯಿಪಾಠ ಮಾಡಿಸ್ತಾರೆ, ಕ್ಯಾಶ್ ಬುಕ್‌ನಿಂದ ಶುರು ಮಾಡಿದ್ರೆ ಒಂದು, ಪಾಸ್ ಬುಕ್‌ನಿಂದ ಶುರು ಮಾಡಿದ್ರೆ ಅದರ ಉಲ್ಟಾ, ಓವರ್‌ಡ್ರಾಫ್ಟ್ ಇದ್ರೆ ಇನ್ನೆರಡು. ಪರೀಕ್ಷೆ ಆಗಿ ಎರಡು ತಿಂಗಳಿಗೆ ಈ ನಾಲ್ಕೂ ಕಲಸು ಮೇಲೋಗರ ಆಗತ್ತೆ. ಇವನ ಹಾಳೆ ನೋಡಿದ್ರೇ ಗೊತ್ತಾಗತ್ತೆ, ಮೊದಲನೇ ಐಟಂ ಒಂದು ಟೇಬಲ್ಲಿಂದ, ಎರಡನೇದು ಇನ್ನೊಂದು ಟೇಬಲ್ಲಿಂದ. ನಾನು ಆ ಟೇಬಲ್ ಕಡೆ ಹೋಗೋದೇ ಇಲ್ಲ, ಒಂದೊಂದು ಐಟಂ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳ್ತೀನಿ: *ಈ ಒಂದು ಐಟಂನಿಂದಾಗಿ ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಪುಸ್ತಕಕ್ಕಿಂತ ದುಡ್ಡು ಜಾಸ್ತಿ ಕಾಣ್ತಿದೆಯಾ, ಕಮ್ಮಿ ಕಾಣ್ತಿದೆಯಾ?* ನಾವು ನಮ್ಮ ಪುಸ್ತಕದಿಂದ ಹೊರಟು ಬ್ಯಾಂಕಿನ ಪುಸ್ತಕಕ್ಕೆ ಹೋಗ್ತಿದೀವಿ. ಅಲ್ಲಿ ಜಾಸ್ತಿ ಇದ್ರೆ ಕೂಡ್ಬೇಕು, ಕಮ್ಮಿ ಇದ್ರೆ ಕಳೀಬೇಕು.

ಮೊದಲನೇದು, ಕೊಟ್ಟ ಚೆಕ್ ಪಾಸಾಗಿಲ್ಲ, 45,900. ಇದರಲ್ಲಿ ಮೂರು ಚೆಕ್ ಇತ್ತು: ಲಾರಿ ಬಾಡಿಗೆ 22,500, ಗೋಡೌನ್ ಬಾಡಿಗೆ 15,000, ಹಮಾಲಿ ಮೇಸ್ತ್ರಿಗೆ 8,400. ಚೆಕ್ ಬರೆದ ದಿನವೇ ನಾವು ಕ್ಯಾಶ್ ಬುಕ್ಕಲ್ಲಿ ಕಳ್ಕೊಂಡಿದೀವಿ, ಬ್ಯಾಂಕಿಗೆ ಆ ಚೆಕ್ ಮುಖ ಕಂಡೇ ಇಲ್ಲ, ಹಂಗಾಗಿ ಬ್ಯಾಂಕಲ್ಲಿ ದುಡ್ಡು ಇನ್ನೂ ಹಂಗೇ ಕೂತಿದೆ. ಅಲ್ಲಿ ಜಾಸ್ತಿ, ಕೂಡ್ಬೇಕು. ಕೂಡಿದಾನೆ, ಸರಿ.

ಎರಡನೇದು, ಹಾಕಿದ ಚೆಕ್ ಜಮಾ ಆಗಿಲ್ಲ, 36,200. ಅರಸೀಕೆರೆ ಕಡೆ ಒಬ್ರು ತೆಂಗಿನ ತೋಟದವರು ಗೊಬ್ಬರದ ಬಾಕಿಗೆ ಕೊಟ್ಟ ಚೆಕ್, ಮಾರ್ಚ್ 29 ಶನಿವಾರ ಬ್ಯಾಂಕಿಗೆ ಹಾಕಿದ್ದು. ಭಾನುವಾರ ಯುಗಾದಿ, ಸೋಮವಾರ ರಂಜಾನ್, ಮಂಗಳವಾರ ಏಪ್ರಿಲ್ 1 ಬ್ಯಾಂಕಿನವರ ವರ್ಷದ ಕ್ಲೋಸಿಂಗು, ಆದ್ದರಿಂದ 31ಕ್ಕೆ ಅದು ಜಮಾ ಆಗಿರೋ ಮಾತೇ ಇಲ್ಲ. ಯಾಕೋ ಇದನ್ನ ಕೂಡಿದೀಯಾ ಅಂದೆ.

"ನಾವು ಬ್ಯಾಂಕಿಗೆ ದುಡ್ಡು ಹಾಕಿದೀವಲ್ಲ ಮಾವ, ಅದಕ್ಕೆ ಪ್ಲಸ್ಸು."

"ಹಾಕಿದ್ದು ನಿಂಗೆ ಗೊತ್ತು ಕಣೋ, ಬ್ಯಾಂಕಿಗೆ ಗೊತ್ತಾ? 31ನೇ ತಾರೀಕು ಬ್ಯಾಂಕಿನ ಪುಸ್ತಕದಲ್ಲಿ ಆ ಚೆಕ್ ಇದೆಯಾ?"

"ಇಲ್ಲ."

"ನಮ್ಮ ಪುಸ್ತಕದಲ್ಲಿ?"

"29ಕ್ಕೇ ಏರ್ಸಿದೀವಿ."

ನಮ್ಮಲ್ಲಿ ಏರಿದೆ, ಅಲ್ಲಿ ಏರಿಲ್ಲ, ಅಂದ್ರೆ ಅಲ್ಲಿ ಕಮ್ಮಿ. ಕಳೀಬೇಕು. ಬಹಳ ಜನ ಇಲ್ಲೇ ಜಾರೋದು, "ಹಾಕಿದೀವಿ" ಅನ್ನೋ ಮಾತು ಕಿವಿಗೆ ಪ್ಲಸ್ ಥರಾನೇ ಕೇಳ್ಸತ್ತೆ. ಅದೇ ರೀತಿ "ಚೆಕ್ ಕೊಟ್ಟಿದೀವಿ" ಅಂದ್ರೆ ಮೈನಸ್ ಥರ ಕೇಳ್ಸತ್ತೆ. ಕೊಟ್ಟಿದ್ದು ಹಾಕಿದ್ದು ನೋಡ್ಬೇಡಿ, ಬ್ಯಾಂಕಿನ ಪುಸ್ತಕ ಏನು ಹೇಳ್ತಿದೆ ಅದನ್ನ ನೋಡಿ.

ಬ್ಯಾಂಕ್ ಚಾರ್ಜ್ 590, ಅಂದ್ರೆ 500 ಚಾರ್ಜು, ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ 90. ಬ್ಯಾಂಕು ಕಟ್ ಮಾಡ್ಕೊಂಡಿದೆ, ನಮ್ಮ ಪುಸ್ತಕಕ್ಕೆ ಸುದ್ದಿ ಇಲ್ಲ, ಅಲ್ಲಿ ಕಮ್ಮಿ, ಕಳೆದಿರೋದು ಸರಿ. ಗೋಡೌನ್ ಇನ್ಶೂರೆನ್ಸ್ 9,860 ಕೂಡ ಇದೇ ಜಾತಿ, ಸರಿ ಇದೆ.

ನೆಫ್ಟ್ 12,750. ಸಕಲೇಶಪುರ ಕಡೆ ಎಸ್ಟೇಟಿನವರೊಬ್ರು ಅಂಗಡಿಗೆ ಹೇಳ್ದೆ ಕೇಳ್ದೆ ನೇರವಾಗಿ ಅಕೌಂಟಿಗೆ ಹಾಕ್ಬಿಟ್ಟಿದಾರೆ. "ನಮ್ಮ ಪುಸ್ತಕದಲ್ಲಿ ಇಲ್ವಲ್ಲ ಮಾವ, ಅದಕ್ಕೆ ಕಳೆದೆ" ಅಂದ. ನಮ್ಮಲ್ಲಿ ಇಲ್ಲ, ನಿಜ, ಬ್ಯಾಂಕಲ್ಲಿ ಇದೆ, ಅಂದ್ರೆ ಅಲ್ಲಿ ಜಾಸ್ತಿ. ಕೂಡ್ಬೇಕು. ಇವನು ಕಳೆದಿದಾನೆ.

ಹಾಳೆಯ ಎಡ ಅಂಚಿನಲ್ಲಿ ಒಂದೊಂದು ಐಟಂ ಎದುರಿಗೂ "ಬ್ಯಾಂಕ್ ಜಾಸ್ತಿ" ಅಥವಾ "ಬ್ಯಾಂಕ್ ಕಮ್ಮಿ" ಅಂತ ಪೆನ್ಸಿಲಲ್ಲಿ ಬರೀತಾ ಹೋಗಿ, ಎಲ್ಲಾ ಬರೆದಾದ್ಮೇಲಷ್ಟೇ ಕೂಡಿ, ಕಳೆ ಅನ್ನೋ ತಲೆಬರಹದ ಜೊತೆ ಹೋಲಿಸಿ. ಎರಡನ್ನೂ ಒಟ್ಟೊಟ್ಟಿಗೆ ಮಾಡೋಕೆ ಹೋದ್ರೆ ಈಗಾಗ್ಲೇ ಬರೆದಿರೋದು ಕಣ್ಣಿಗೆ ಬಿದ್ದು, ಹೌದಲ್ವಾ ಸರಿನೇ ಅನ್ನಿಸ್ಬಿಡತ್ತೆ.

ಒಂದು ತಪ್ಪಿಗೆ ಎರಡು ಪಟ್ಟು ಏಟು

ಕಳೀಬೇಕಾದ 36,200ನ್ನ ಕೂಡಿದ್ರೆ ಉತ್ತರ ಎಷ್ಟು ಜಾಸ್ತಿ ಆಗತ್ತೆ? 36,200 ಅಲ್ಲ, 72,400. ಕಳೆಯೋದು ತಪ್ಪಿಹೋಯ್ತು ಅದೊಂದು ಸಲ, ಮೇಲಿಂದ ಕೂಡಿದ್ದು ಇನ್ನೊಂದು ಸಲ. ಅದಕ್ಕೇ ಹಳೇ ಲೆಕ್ಕದವರು ವ್ಯತ್ಯಾಸ ಬಂದ ತಕ್ಷಣ ಅದನ್ನ ಅರ್ಧ ಮಾಡಿ, ಅರ್ಧಕ್ಕೆ ಸರಿಯಾದ ಮೊತ್ತ ಹಾಳೆಯಲ್ಲಿ ಇದೆಯಾ ಅಂತ ನೋಡೋದು. ಇದ್ರೆ ಆ ಐಟಂನ ಚಿಹ್ನೆ ಉಲ್ಟಾ ಆಗಿದೆ ಅಂತ ಹೆಚ್ಚುಕಮ್ಮಿ ಖಾತ್ರಿ.

ಒಳ್ಳೇ ಉಪಾಯ, ಆದ್ರೆ ಒಂದೇ ತಪ್ಪಿದ್ರೆ ಮಾತ್ರ ಕೆಲಸ ಮಾಡತ್ತೆ. ನಮ್ಮ ಹಾಳೆಯ 46,360ನ್ನ ಅರ್ಧ ಮಾಡಿದ್ರೆ 23,180, ಅಂಥ ಐಟಂ ಎಲ್ಲೂ ಇಲ್ಲ. ಯಾಕಂದ್ರೆ ಇಲ್ಲಿ ಎರಡು ಚಿಹ್ನೆ ತಪ್ಪು ಎದುರುಬದುರಾಗಿ ಕೂತಿವೆ: 36,200 ಕೂಡಿದ್ರಿಂದ 72,400 ಮೇಲಕ್ಕೆ ಹೋಯ್ತು, 12,750 ಕಳೆದಿದ್ರಿಂದ 25,500 ಕೆಳಕ್ಕೆ ಬಂತು, ಎರಡೂ ಸೇರಿ 46,900 ಮೇಲೆ ಉಳೀತು. ಇನ್ನೂ ಕೆಟ್ಟದ್ದು ಏನಂದ್ರೆ, ಈ ಎರಡು ಐಟಂ ಒಂದೇ ಮೊತ್ತದ್ದಾಗಿದ್ರೆ ತಪ್ಪು ತಪ್ಪಿಗೆ ಹೊಡ್ಕೊಂಡು ಹಾಳೆ ಕರೆಕ್ಟಾಗಿ ತಾಳೆ ಆಗಿರೋದು, ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಆದ್ದರಿಂದ ಅರ್ಧ ಮಾಡೋದು ಅವಸರದಲ್ಲಿ ಇದ್ದಾಗ ಒಂದು ಸುಳಿವಿಗೆ ಅಷ್ಟೇ, ಒಂದೊಂದು ಐಟಂ ಮೇಲೆ ಬೆರಳಿಡೋ ಕೆಲಸ ತಾಳೆ ಆಗಿರೋ ಹಾಳೆಗೂ ಮಾಡ್ಲೇಬೇಕು.

ಈಗ ಚಿಹ್ನೆ ಸರಿ ಮಾಡಿ ಬರೆದ್ರೆ: 1,84,350ಕ್ಕೆ 45,900 ಮತ್ತೆ 12,750 ಕೂಡಿ, 2,43,000. ಅದರಲ್ಲಿ 36,200, 590, 9,860 ಕಳೀರಿ, 1,96,350. ಪಾಸ್ ಬುಕ್ಕಲ್ಲಿ 1,96,890. ಇನ್ನೂ 540 ರೂಪಾಯಿ ಕಮ್ಮಿ.

ಉಳಿದ 540

"ಐನೂರ್ ನಲವತ್ತಲ್ವಾ ಮಾವ, ಇನ್ನೊಂದು ಚಾರ್ಜ್ ಇರ್ಬೋದು, ಬರ್ದ್ಬಿಡ್ಲಾ" ಅಂದ. ಚಾರ್ಜ್ ಆಗಿದ್ರೆ ಬ್ಯಾಂಕಲ್ಲಿ ಕಮ್ಮಿ ಇರ್ಬೇಕಿತ್ತು, ಇಲ್ಲಿ ಬ್ಯಾಂಕಲ್ಲಿ ಜಾಸ್ತಿ ಇದೆ. ಚಿಕ್ಕ ಮೊತ್ತ ಅಂತ ಬಿಡೋ ಅಭ್ಯಾಸ ಬೇಡ, 540ರ ಹಿಂದೆ ಒಂದು ಕಡೆ 20,540 ಇನ್ನೊಂದು ಕಡೆ 20,000 ಅಡಗಿ ಕೂತಿರ್ಬೋದು, ನಮಗೆ ಮೇಲೆ ಕಾಣೋದು ಅವೆರಡರ ನಡುವಿನ ಉಳಿಕೆ ಮಾತ್ರ.

ಇಂಥ ಹೊತ್ತಲ್ಲಿ ಒಂಬತ್ತರಿಂದ ಭಾಗಿಸಿ ನೋಡಿ. 5, 4, 0 ಕೂಡಿದ್ರೆ 9, ಅಂದ್ರೆ ಒಂಬತ್ತರಿಂದ ಭಾಗ ಹೋಗತ್ತೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದ್ರೆ ಬರೋ ವ್ಯತ್ಯಾಸ ಯಾವಾಗ್ಲೂ ಒಂಬತ್ತರಿಂದ ಭಾಗ ಹೋಗತ್ತೆ, ಮೇಲೆ ಬಂದ 1,800 ಕೂಡ ಹಂಗೇ. ಎಲ್ಲಿ ಅದಲುಬದಲಾಗಿದೆ ಅನ್ನೋ ಸುಳಿವೂ ಅದರಲ್ಲೇ ಇದೆ. ಹತ್ತರ ಸ್ಥಾನ, ನೂರರ ಸ್ಥಾನ ಬದಲಾಗಿದ್ರೆ ವ್ಯತ್ಯಾಸ 90ರ ಲೆಕ್ಕದಲ್ಲಿ ಬರತ್ತೆ, 540 ಅಂದ್ರೆ ಆರು ತೊಂಬತ್ತು, ಹಂಗಾದ್ರೆ ಆ ಎರಡು ಅಂಕಿಗಳ ನಡುವೆ ಆರರ ಅಂತರ ಇರ್ಬೇಕು: 9 ಮತ್ತು 3, 8 ಮತ್ತು 2, 7 ಮತ್ತು 1, ಅಥವಾ 6 ಮತ್ತು ಸೊನ್ನೆ. ಒಂಬತ್ತರಿಂದ ಭಾಗ ಹೋಯ್ತು ಅಂದ ಮಾತ್ರಕ್ಕೆ ಅದಲುಬದಲೇ ಆಗಿದೆ ಅಂತ ಏನಿಲ್ಲ, 540ರದ್ದೇ ಒಂದು ಐಟಂ ಬಿಟ್ಟುಹೋಗಿರ್ಬೋದು, ಅದನ್ನೂ ಒಂದ್ಸಲ ನೋಡ್ಕೊಳ್ಳಿ.

ಈ ಅಂಕಿಗಳನ್ನ ಕಣ್ಣಲ್ಲಿಟ್ಕೊಂಡು ಮಾರ್ಚಿನ ಎಂಟ್ರಿಗಳ ಮೇಲೆ ಕಣ್ಣಾಡಿಸಿ. ಚೀಲದ ಅಂಗಡಿಗೆ ಕೊಟ್ಟ ಚೆಕ್ ಒಂದು ಕ್ಯಾಶ್ ಬುಕ್ಕಲ್ಲಿ 6,930 ಅಂತ ಇತ್ತು, ಪಾಸ್ ಬುಕ್ಕಲ್ಲಿ ಅದೇ ನಂಬರಿನ ಚೆಕ್ 6,390. ಎರಡೂ ಕಡೆ ಟಿಕ್ ಬೇರೆ ಬಿದ್ದಿತ್ತು. ಇವನು ಚೆಕ್ ನಂಬರ್ ನೋಡಿ ಟಿಕ್ ಹಾಕಿದ್ದ, ಮೊತ್ತ ನೋಡೇ ಇಲ್ಲ. ಟಿಕ್ ಹಾಕೋವಾಗ ನಂಬರು, ಮೊತ್ತ ಎರಡೂ ನೋಡ್ಬೇಕು, ಅದಕ್ಕೆ ನಾನು ಟಿಕ್ ಬಾಲವನ್ನ ಮೊತ್ತದ ಮೇಲೇ ಎಳೀತೀನಿ, ಕಣ್ಣು ಅಲ್ಲಿಗೆ ಹೋಗ್ಲೇಬೇಕಾಗತ್ತೆ.

ಈಗ ಯಾರದ್ದು ತಪ್ಪು? ಬ್ಯಾಂಕಿಂದೇ ಸರಿ ಅಂತ ಕಣ್ಣುಮುಚ್ಚಿ ಒಪ್ಕೋಬೇಡಿ. ಚೆಕ್ ಬುಕ್ಕಿನ ಉಳಿದ ಅರ್ಧ ಚೀಟಿ, ಚೀಲದವರ ಬಿಲ್ಲು ತೆಗ್ಸಿ ನೋಡಿದ್ವಿ, ಎರಡರಲ್ಲೂ 6,390. ಅಂದ್ರೆ ತಪ್ಪು ನಮ್ಮ ಪುಸ್ತಕದ್ದು, 540 ಜಾಸ್ತಿ ಕಳ್ಕೊಂಡಿದೀವಿ, ಬ್ಯಾಂಕಲ್ಲಿ ಅಷ್ಟು ಜಾಸ್ತಿ ಇದೆ, ಕೂಡ್ಬೇಕು. 1,96,350 ಪ್ಲಸ್ 540, ಅಲ್ಲಿಗೆ 1,96,890. ಪಾಸ್ ಬುಕ್ ಬ್ಯಾಲೆನ್ಸಿಗೆ ಸರಿಯಾಗಿ ಬಂದು ನಿಂತ್ತು. ಬಿಲ್ಲಲ್ಲಿ 6,930 ಇದ್ದು ಬ್ಯಾಂಕು ತಪ್ಪು ಮಾಡಿದ್ರೂ ಕೂಡೋದು ಕೂಡೋದೇ, ಆದ್ರೆ ಆಗ ನಮ್ಮ ಪುಸ್ತಕ ಮುಟ್ಟೋ ಹಂಗಿಲ್ಲ, ಬ್ಯಾಂಕಿಗೆ ಲೆಟರ್ ಕೊಟ್ಟು ಅವರು ಸರಿ ಮಾಡೋತನಕ ಆ ಐಟಂ ಬಿಆರ್‌ಎಸ್‌ನಲ್ಲೇ ಇರ್ಬೇಕು.

ತಾಳೆ ಆದ್ಮೇಲೆ ಇನ್ನೊಂದು ದಾರಿಯಲ್ಲಿ

ಒಂದೇ ದಾರಿಯಲ್ಲಿ ಹೋಗಿ ಬಂದ್ರೆ ಅದೇ ತಪ್ಪು ಮತ್ತೆ ಮಾಡೋ ಸಾಧ್ಯತೆ ಇರತ್ತೆ, ಅದಕ್ಕೆ ನಾನು ಐಟಂಗಳನ್ನ ಎರಡು ಗುಂಪು ಮಾಡಿ ಇನ್ನೊಂದ್ಸಲ ಲೆಕ್ಕ ಹಾಕ್ತೀನಿ. ಮೊದಲನೇ ಗುಂಪು ನಮ್ಮ ಪುಸ್ತಕದಲ್ಲಿ ಬರೀಬೇಕಾಗಿತ್ತು, ಬರ್ದಿಲ್ಲ ಅಥವಾ ತಪ್ಪಾಗಿ ಬರ್ದಿದೀವಿ ಅನ್ನೋವು: ಚಾರ್ಜು, ನೆಫ್ಟು, ಇನ್ಶೂರೆನ್ಸು, ಆ 540. ಇವಕ್ಕೆ ಕ್ಯಾಶ್ ಬುಕ್ಕಲ್ಲಿ ಎಂಟ್ರಿ ಆಗ್ಲೇಬೇಕು. 1,84,350ಕ್ಕೆ 12,750 ಮತ್ತೆ 540 ಕೂಡಿ, 590 ಮತ್ತೆ 9,860 ಕಳೆದ್ರೆ 1,87,190. ವರ್ಷದ ಲೆಕ್ಕಕ್ಕೆ, ಆಡಿಟರ್ ಹತ್ರ ಹೋಗೋ ಬ್ಯಾಲೆನ್ಸ್ ಶೀಟಿಗೆ ಬ್ಯಾಂಕ್ ಬ್ಯಾಲೆನ್ಸ್ ಅಂತ ಹೋಗ್ಬೇಕಾಗಿರೋದು ಈ ಸರಿ ಮಾಡಿದ ನಂಬರು, 1,84,350 ಅಲ್ಲ. ಬಿಆರ್‌ಎಸ್ ತಾಳೆ ಆಯ್ತಲ್ಲ ಅಂತ ಈ ಎಂಟ್ರಿಗಳನ್ನ ಹಾಕ್ದೇ ಫೈಲಿಗೆ ಸೇರಿಸಿಬಿಡೋ ಜನ ಎಷ್ಟೋ, ಮುಂದಿನ ತಿಂಗಳ ಹಾಳೆಯಲ್ಲೂ ಅದೇ 590 ಬಂದು ಕೂರತ್ತೆ, ಅದರ ಮುಂದಿನ ತಿಂಗಳೂ ಕೂರತ್ತೆ.

ಎರಡನೇ ಗುಂಪು ಬರೀ ಸಮಯದ ವ್ಯತ್ಯಾಸ: ಪಾಸಾಗದ ಚೆಕ್ಕು, ಜಮಾ ಆಗದ ಚೆಕ್ಕು. ಇವಕ್ಕೆ ಎಂಟ್ರಿ ಬೇಡ. 1,87,190ಕ್ಕೆ 45,900 ಕೂಡಿ 36,200 ಕಳೆದ್ರೆ ಮತ್ತೆ 1,96,890 ಬಂತು. ಎರಡು ದಾರಿಯಲ್ಲೂ ಒಂದೇ ಮನೆಗೆ ಬಂದ್ವಿ ಅಂದ್ಮೇಲೆ ಪೆನ್ಸಿಲ್ ಇಟ್ಟು ಪೆನ್ನು ತಗೋಬೋದು.

ಕಾಫಿ ತೋಟದವರಿಗೆ, ಮಂಡಿಯವರಿಗೆ ಒಂದು ಮಾತು. ನಿಮ್ಮದು ಓಡಿ ಅಥವಾ ಸಿಸಿ ಅಕೌಂಟ್ ಆಗಿ ಬ್ಯಾಲೆನ್ಸ್ ಉಲ್ಟಾ ಇದ್ರೆ, ಅಂದ್ರೆ ನೀವೇ ಬ್ಯಾಂಕಿಗೆ ಕೊಡ್ಬೇಕಾಗಿದ್ರೆ, ಇನ್ನೊಂದು ಟೇಬಲ್ ಹುಡುಕೋಕೆ ಹೋಗ್ಬೇಡಿ. ಶುರುವಿನ ನಂಬರಿಗೆ ಮೈನಸ್ ಹಾಕಿ, ಮಿಕ್ಕ ಎಲ್ಲಾ ಪ್ರಶ್ನೆ ಹಾಗೇ ಇರ್ಲಿ. ಕ್ಯಾಶ್ ಬುಕ್ ಪ್ರಕಾರ ಓಡಿ 50,000 ಇದ್ರೆ ಮೈನಸ್ 50,000 ಅಂತ ಬರ್ಕೊಳ್ಳಿ, 8,000ದ ಚೆಕ್ ಪಾಸಾಗಿಲ್ಲ, ಬ್ಯಾಂಕಲ್ಲಿ ನಮ್ಮ ಪರವಾಗಿ ಅಷ್ಟು ಜಾಸ್ತಿ, ಕೂಡಿದ್ರೆ ಮೈನಸ್ 42,000. ಬ್ಯಾಂಕಿನ ಲೆಕ್ಕದಲ್ಲಿ ಸಾಲ 42,000 ಅಂತ ಅರ್ಥ. ಓಡಿ ಹಾಳೆ ತಪ್ಪಾಗೋದು ಬಹುತೇಕ ಈ ಮೈನಸ್ ಹಾಕೋದು ಮರೆತು 50,000ಕ್ಕೆ 8,000 ಕೂಡಿ 58,000 ಅಂತ ಬರೆದಾಗ.

ಏಪ್ರಿಲ್ ಪಾಸ್ ಬುಕ್ ಬರೋತನಕ ಕಾದು

ಪಾಸಾಗಿಲ್ಲ, ಜಮಾ ಆಗಿಲ್ಲ ಅಂತ ಬರೆದ ಐಟಂಗಳು ನಿಜವಾಗ್ಲೂ ಹಂಗೇ ಇದ್ವಾ ಅಂತ ಗೊತ್ತಾಗೋದು ಮುಂದಿನ ತಿಂಗಳಲ್ಲಿ. ತಾಳೆ ಮಾಡೋಕೆ ಅಂತ ಇಲ್ಲದ ಚೆಕ್ ಸೃಷ್ಟಿ ಮಾಡಿದ್ರೆ ಅದು ಯಾವತ್ತೂ ಪಾಸ್ ಬುಕ್ಕಿಗೆ ಬರಲ್ಲ. ಏಪ್ರಿಲ್ ಕೊನೇಲಿ ಹುಡುಗನ ಕೈಗೆ ಪಾಸ್ ಬುಕ್ ಕೊಟ್ಟು ಮಾರ್ಚಿನ ಹಾಳೆ ಪಕ್ಕದಲ್ಲಿಟ್ಟು ಟಿಕ್ ಹಾಕು ಅಂದೆ. 36,200 ಏಪ್ರಿಲ್ 2ಕ್ಕೆ ಬಂದಿತ್ತು. ಲಾರಿಯವರದ್ದು, ಗೋಡೌನ್ ಬಾಡಿಗೆಯದ್ದು ಅದೇ ವಾರದಲ್ಲಿ ಪಾಸಾಗಿತ್ತು. ಮೇಸ್ತ್ರಿಯ 8,400 ಮಾತ್ರ ಇಲ್ಲ.

ಚೆಕ್ ಬುಕ್ ಚೀಟಿ ತೆಗೆದು ತಾರೀಕು ನೋಡಿದ್ರೆ 18-12-2024. ಚೆಕ್ಕಿಗೆ ಆಯಸ್ಸು ಮೂರೇ ತಿಂಗಳು, 2012ರ ಏಪ್ರಿಲ್‌ನಿಂದ ಆರ್‌ಬಿಐ ಹಂಗೆ ಮಾಡಿದೆ, ಅದಕ್ಕೆ ಮುಂಚೆ ಆರು ತಿಂಗಳಿತ್ತು. ಅಂದ್ರೆ ಮಾರ್ಚ್ 31ಕ್ಕೇ ಇದು ಸತ್ತ ಚೆಕ್ಕು, ಪಾಸಾಗಿಲ್ಲ ಅನ್ನೋ ಪಟ್ಟಿಯಲ್ಲಿ ಇದನ್ನ ಹಂಗೇ ಬಿಟ್ಟಿದ್ದು ನನ್ನ ತಪ್ಪು, ಹುಡುಗನದ್ದಲ್ಲ. ಪಟ್ಟಿಯಲ್ಲಿರೋ ಒಂದೊಂದು ಚೆಕ್ಕಿನ ಎದುರಿಗೂ ತಾರೀಕು ಬರೆದಿದ್ರೆ ಅವತ್ತೇ ಕಣ್ಣಿಗೆ ಬೀಳ್ತಿತ್ತು. ಇಂಥದ್ದನ್ನ ಕ್ಯಾಶ್ ಬುಕ್ಕಲ್ಲಿ ವಾಪಸ್ ಏರ್ಸಿ, ಮೇಸ್ತ್ರಿಗೆ ಕೊಡ್ಬೇಕಾದ ಬಾಕಿ ಅಂತ ಅವರ ಖಾತೆಯಲ್ಲಿ ತೋರಿಸ್ಬೇಕು, ಆಗ ಪಟ್ಟಿಯಿಂದ 8,400 ಹೋಗಿ ಕ್ಯಾಶ್ ಬುಕ್ ಬ್ಯಾಲೆನ್ಸ್ ಅಷ್ಟೇ ಜಾಸ್ತಿ ಆಗತ್ತೆ, ಪಾಸ್ ಬುಕ್ ಬ್ಯಾಲೆನ್ಸಿಗೆ ತಾಳೆ ಕೆಡಲ್ಲ.

ಮೇಸ್ತ್ರಿಗೆ ಫೋನ್ ಮಾಡಿ ಕೇಳಿದ್ರೆ ಚೆಕ್ ಜೋಪಾನವಾಗೇ ಇತ್ತು, ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿ. ಯಜಮಾನ್ರು ಅದನ್ನ ವಾಪಸ್ ಇಸ್ಕೊಂಡು ಅಡ್ಡ ಗೆರೆ ಹೊಡೆದು, 8,400 ಕ್ಯಾಶಲ್ಲೇ ಎಣ್ಸಿ ಕೊಟ್ರು.